ಅಪ್‌ಡೇಟ್: ಪಾಸ್‌ಬುಕ್ ವ್ಯತ್ಯಾಸಕ್ಕೆ ಆಡಿಟರ್ ಒಪ್ಪಿದ ಉತ್ತರ

ನಾನು ಕೇಳಿದ್ದು: “ದಾವಣಗೆರೆಯ ನಮ್ಮ ಸಹಕಾರ ಸಂಘದಲ್ಲಿ ಮಾರ್ಚ್ 31ಕ್ಕೆ ನಗದು ಪುಸ್ತಕಕ್ಕಿಂತ ಪಾಸ್‌ಬುಕ್‌ನಲ್ಲಿ ₹18,400 ಜಾಸ್ತಿ ಇದೆ. ಆಡಿಟರ್ ಕಾರಣ ಕೇಳಿದ್ದಾರೆ, ಏನಂತ ಬರೆಯಲಿ?”

ಆಕ್ಷೇಪಣೆ ಇತ್ಯರ್ಥವಾಯಿತು. ಚೆಕ್‌ವಾರು ಪಟ್ಟಿ ಕೊಡಿ ಎಂದವರ ಸಲಹೆಯೇ ಕೈ ಹಿಡಿಯಿತು, ಅವರಿಗೆ ಧನ್ಯವಾದ. ಮಾರ್ಚ್ 29ಕ್ಕೆ ಬರೆದುಕೊಟ್ಟ ₹12,000 ಮತ್ತು ₹6,400ರ ಎರಡು ಚೆಕ್ ಪಾಸಾಗಿದ್ದು ಏಪ್ರಿಲ್ 4ಕ್ಕೆ. ಎರಡಕ್ಕೂ ಚೆಕ್ ನಂಬರ್, ವೋಚರ್ ನಂಬರ್, ನಗದು ಪುಸ್ತಕದ ಪುಟ ಬರೆದು, ಏಪ್ರಿಲ್‌ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಸಾಲುಗಳಿಗೆ ಗುರುತು ಹಾಕಿ ಲಗತ್ತಿಸಿದೆ.

“ಬ್ಯಾಂಕಿನವರು ತಡ ಮಾಡಿರಬೇಕು ಅಂತ ಸೇರಿಸಿ” ಎಂಬ ಸಲಹೆ ಉಪಯೋಗಕ್ಕೆ ಬರಲಿಲ್ಲ. ಅದಕ್ಕೆ ಆಧಾರ ಕೇಳಿದರೆ ತೋರಿಸಲು ನಮ್ಮಲ್ಲಿ ಕಾಗದವೇ ಇಲ್ಲ.

ಅಚ್ಚರಿಯೆಂದರೆ, ಪಾರ್ಟಿಯವರು ಚೆಕ್ಕನ್ನು ಯಾಕೆ ತಡವಾಗಿ ಹಾಕಿದರು ಎಂದು ಆಡಿಟರ್ ಮತ್ತೆ ಕೇಳಿದಾಗ, “ಈ ಬಗ್ಗೆ ಸಂಘದಲ್ಲಿ ದಾಖಲೆ ಇಲ್ಲ” ಎಂಬ ಒಂದೇ ಸಾಲನ್ನು ಒಪ್ಪಿಕೊಂಡರು.