ಅಪ್‌ಡೇಟ್: ಮಷೀನ್ ನಿಲ್ಲಿಸದೆ ಎಲ್ಲರಿಗೂ ಬ್ರೇಕ್ ಸಿಕ್ಕಿತು

ನಾನು ಕೇಳಿದ್ದು: "ಪ್ಲಾಸ್ಟಿಕ್ ಮೋಲ್ಡಿಂಗ್, 6 ಮಷೀನ್, 6ರಿಂದ 2ರ ಶಿಫ್ಟ್. ಸತತ 5 ಗಂಟೆ ಕೆಲಸ ದಾಟುವ ಮೊದಲು ಎಲ್ಲರಿಗೂ ಅರ್ಧ ಗಂಟೆ ಬಿಡುವು ಕೊಡಬೇಕು, ಮಷೀನ್ ನಿಲ್ಲಬಾರದು. ಹೇಗೆ?"

ಎಲ್ಲರನ್ನೂ ಒಟ್ಟಿಗೆ ಬಿಟ್ಟು ನೋಡಿದೆವು. ಬ್ಯಾರೆಲ್‌ನಲ್ಲಿದ್ದ ಮಾಲು ಸುಟ್ಟು, ಶುರು ಮಾಡಿದಾಗ ಪೀಸ್‌ಗಳ ಮೇಲೆಲ್ಲ ಕಪ್ಪು ಚುಕ್ಕೆ. ಹದಿನೈದು ನಿಮಿಷದಂತೆ ಎರಡು ಸಲ ಕೊಡೋಣ ಅಂದರೆ, ಅದು ಅರ್ಧ ಗಂಟೆಯ ಬಿಡುವು ಆಗಲ್ಲ.

ಕೈಹಿಡಿದದ್ದು ರಿಲೀವರ್ ಸಲಹೆ. ಒಬ್ಬ ಅನುಭವಿ ಆಪರೇಟರ್ ಸರದಿಯಲ್ಲಿ ಒಂದೊಂದು ಮಷೀನ್ ಹಿಡಿಯುತ್ತಾನೆ. ಮೊದಲ ದಿನ 8ಕ್ಕೇ ಶುರು ಮಾಡಿದೆ. ತಪ್ಪಾಗಿತ್ತು! 8:30ಕ್ಕೆ ವಾಪಸ್ ಬಂದವನು 2ರವರೆಗೆ ಐದೂವರೆ ಗಂಟೆ ದುಡಿದ. ಬೇಗ ಬಿಟ್ಟರೂ ತಪ್ಪೇ ಅಂತ ಗೊತ್ತೇ ಇರಲಿಲ್ಲ. ಬ್ರೇಕ್ 8:30ರಿಂದ 11ರೊಳಗೆ ಶುರುವಾಗಬೇಕು, ಅಂದರೆ ಆರೇ ಸರದಿ.

ಆದರೆ ಒಬ್ಬ ಐದು ನಿಮಿಷ ತಡವಾಗಿ ಬಂದರೂ ಕೊನೆಯವನು 11 ದಾಟುತ್ತಾನೆ, ಅಲ್ವಾ? ಅದಕ್ಕೆ ಆರನೇ ಮಷೀನ್ ಸೆಟ್ಟರ್‌ಗೆ ಕೊಟ್ಟೆವು. ರಿಲೀವರ್ ಈಗ 6:30ಕ್ಕೆ ಬರುತ್ತಾನೆ, ಐದೂ ಮುಗಿಸಿ 11ರ ಹೊತ್ತಿಗೆ ತಾನೂ ಊಟಕ್ಕೆ ಹೋಗುತ್ತಾನೆ.