ಅಪ್‌ಡೇಟ್: ಟಾಯ್ಲೆಟ್‌ಗೆ ಇಂಡಿಯನ್ ಪ್ಯಾನ್ ಕೂರಿಸಿದ್ದಾಯ್ತು

ನಾನು ಕೇಳಿದ್ದು: "ಕಲಬುರಗಿಯಲ್ಲಿ ಮನೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಕಿಸ್ತೀವಿ. ಪ್ಯಾನ್, ಟ್ರ್ಯಾಪ್ ಲೆವೆಲ್ ಎಲ್ಲಿಂದ ಹಿಡಿಯಬೇಕು?"

ಕಲ್ಲು ಹಾಸಿದ ಮೇಲೆ ಬರುವ ನೆಲದಿಂದಲೇ ಹಿಡಿಯಬೇಕು, ಈಗಿರುವ ಕಾಂಕ್ರೀಟಿನಿಂದ ಅಲ್ಲ. ಗೌಂಡಿ ಕಾಕಾ ಬಾಗಿಲ ಹತ್ತಿರ ಒಂದು ತುಂಡು ಕಲ್ಲನ್ನು ಗಾರೆ ಸಮೇತ ಕೂರಿಸಿ, ಅಲ್ಲಿಂದ ದಾರ ಕಟ್ಟಿ, ಪ್ಯಾನಿನ ಅಂಚು ಆ ಮಟ್ಟಕ್ಕಿಂತ ಸುಮಾರು 1 ಇಂಚು ಕೆಳಗೆ ಬರುವ ಹಾಗೆ ಅಳತೆ ತೆಗೆದುಕೊಂಡರು. ಈಗ ಬಕೆಟ್ ನೀರು ಚೆಲ್ಲಿದರೂ ಎಲ್ಲಾ ಪ್ಯಾನಿನ ಕಡೆಗೇ ಹೋಗುತ್ತದೆ.

ಟ್ರ್ಯಾಪ್, ಅಂದರೆ ಪ್ಯಾನಿನ ಕೆಳಗೆ ನೀರು ನಿಲ್ಲುವ ಬಾಗಿದ ಪೈಪ್, ಅದರ ವಿಷಯದಲ್ಲಿ ಮಾತ್ರ ಅವಸರ ಬೇಡ. ಅದರ ಬಾಯಿ ಮೇಲೆ ಸ್ಪಿರಿಟ್ ಲೆವೆಲ್ ಅನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಹೊರಗಿನ ಪೈಪ್ ಕಡೆಗೆ ಬಾಗಿದರೆ ಒಳಗೆ ನೀರು ಕಡಿಮೆ ನಿಲ್ಲುತ್ತದೆ, ಆಮೇಲೆ ಎಷ್ಟು ತೊಳೆದರೂ ವಾಸನೆ ಹೋಗಲ್ಲ. ವಾಸನೆ ತಡೆಯುವ ನೀರು 50 ಮಿ.ಮೀ. ಆಳವಾದರೂ ಇರಬೇಕು.

ಫ್ಲಶ್ ಪೈಪನ್ನು ಪ್ಯಾನಿನ ಹಿಂದಿನ ಬಾಯಿಗೆ ರಬ್ಬರ್ ಹಾಕಿ ನೇರವಾಗಿ ಸೇರಿಸಿದೆವು. ಮುಚ್ಚುವ ಮುಂಚೆ ಜಾಯಿಂಟಿಗೆ ಒಣ ಪೇಪರ್ ಸುತ್ತಿ ಹಲವು ಸಲ ಫ್ಲಶ್ ಮಾಡಿ, ಪೇಪರ್ ಒಣಗಿಯೇ ಇದೆ ಅಂತ ನೋಡಿಕೊಂಡ ಮೇಲೆ ಸುತ್ತ ಇಟ್ಟಿಗೆ ಚೂರು, ಗಾರೆ ತುಂಬಿಸಿದೆವು. ಪ್ಯಾನಿನ ಕೆಳಗೆ ಟೊಳ್ಳು ಬಿಡಬೇಡಿ, ಭಾರ ಬಿದ್ದಾಗ ಬಿರುಕು ಬಿಡುತ್ತದೆ. ಕಲ್ಲು ಮತ್ತು ಅಂಚಿನ ನಡುವಿನ ಸಂದಿಗೆ ಬಿಳಿ ಸಿಮೆಂಟ್ ಹಾಕಿಸಿದ್ದೇವೆ.