ಒಂದೇ ಹಲ್ಲುನೋವು, ಮೂರು ಮಾತು

“ದೊಡ್ಡಮ್ಮ, ‘ಐ ವಿಲ್ ಸೀ ದ ಡೆಂಟಿಸ್ಟ್ ಆನ್ ಸ್ಯಾಟರ್ಡೇ ಅಟ್ ಟೆನ್, ಸೋ ಐ ಕಾಂಟ್ ಕಮ್’ ಅಂತ ಬರೆದಿದ್ದಕ್ಕೆ ಟೀಚರ್ ‘ವಿಲ್’ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ವಿಲ್, ಗೋಯಿಂಗ್ ಟು, ಐಎನ್‌ಜಿ, ಮೂರೂ ಮುಂದೆ ಆಗೋದಕ್ಕೇ ತಾನೆ? ಯಾವುದು ಹಾಕಿದ್ರೇನು?”

ಪುಟ್ಟಿ, ಇದನ್ನ ಟೈಪ್ ಮಾಡ್ತಾ ಕೂತ್ರೆ ನನ್ನ ಬೆರಳು ಬಿದ್ದೋಗತ್ತೆ, ಅದಕ್ಕೇ ಬಾಯಲ್ಲೇ ಹೇಳ್ತೀನಿ. ಸ್ವಲ್ಪ ಉದ್ದ ಆಗತ್ತೆ, ಇಯರ್‌ಫೋನ್ ಹಾಕ್ಕೊಂಡು ಕೇಳು.

ನಿನ್ನ ವಾಕ್ಯ ವ್ಯಾಕರಣದಲ್ಲಿ ತಪ್ಪಿಲ್ಲ. ಆದ್ರೆ ಓದಿದವರಿಗೆ ಏನು ಕೇಳ್ಸತ್ತೆ ಗೊತ್ತಾ? ಅವರು ಕರೆದ ಮೇಲೆ, ಅದೇ ಕ್ಷಣದಲ್ಲಿ ನೀನು ಡೆಂಟಿಸ್ಟ್ ಹತ್ರ ಹೋಗೋ ಯೋಚನೆ ಮಾಡಿದೆ ಅನ್ನೋ ಹಾಗೆ. ನೆಪ ಹುಡುಕಿದ ಹಾಗೆ! ಟೀಚರ್ ಗೆರೆ ಎಳೆದಿದ್ದು ಅದಕ್ಕೇ ಇರಬೇಕು.

ನಮಗೆ ಈ ಎಡವಟ್ಟು ಎಲ್ಲಿಂದ ಬರತ್ತೆ ಅಂದ್ರೆ, ಕನ್ನಡದಲ್ಲಿ ‘ಹೋಗ್ತೀನಿ’ ಒಂದಿದ್ರೆ ಸಾಕು, ಎಲ್ಲಾ ನಡೆದೋಗತ್ತೆ. ದಿನಾ ಹೋಗ್ತೀನಿ, ನಾಳೆ ಹೋಗ್ತೀನಿ, ಸರಿ ಬಿಡು ನಾನೇ ಹೋಗ್ತೀನಿ, ಎಲ್ಲಕ್ಕೂ ಅದೇ. ‘ನಾಳೆ’ ಅಂತ ಬಂದ ತಕ್ಷಣ ನಾವು ಇಂಗ್ಲಿಷಲ್ಲಿ ಕಣ್ಮುಚ್ಚಿ ‘ವಿಲ್’ ಹಾಕಿಬಿಡ್ತೀವಿ. ಇಂಗ್ಲಿಷಿನವರು ಇನ್ನೊಂದು ವಿಷಯಾನೂ ನೋಡ್ತಾರೆ: ಬಾಯಿ ತೆಗೆಯೋ ಮುಂಚೆ ಏನೇನು ಆಗಿಹೋಗಿದೆ ಅಂತ.

ನಿನ್ನ ಹಲ್ಲನ್ನೇ ತಗೊಳ್ಳೋಣ. ಸೋಮವಾರ ರಾತ್ರಿ ಹಲ್ಲು ಜುಮ್ ಅಂತು. ನಾನು “ಯಾಕೆ ಹಾಗೆ ಕೆನ್ನೆ ಹಿಡ್ಕೊಂಡಿದ್ದೀಯ, ಯಾರಿಗಾದ್ರೂ ತೋರಿಸು” ಅಂದೆ. ನೀನು “ಸರಿ, ನಾಳೆ ಫೋನ್ ಮಾಡ್ತೀನಿ” ಅಂದೆ. ನಾನು ಹೇಳೋವರೆಗೂ ಆ ಯೋಚನೆ ನಿನಗಿರಲಿಲ್ಲ, ಮಾತಾಡ್ತಾ ಮಾತಾಡ್ತಾ ಹುಟ್ಟಿದ್ದು. ಇಲ್ಲಿ ‘ಓಕೆ, ಐಲ್ ಕಾಲ್ ಎ ಡೆಂಟಿಸ್ಟ್ ಟುಮಾರೊ’. ವಿಲ್‌ಗೆ ಇದು ಹೇಳಿ ಮಾಡಿಸಿದ ಜಾಗ. ಫೋನ್ ರಿಂಗ್ ಆದಾಗ ‘ಐಲ್ ಗೆಟ್ ಇಟ್’ ಅಂತಾರಲ್ಲ, ಅದೂ ಹೀಗೇ. ಮಾತಾಡುವಾಗ ‘ಐ ವಿಲ್’ ಅಂತ ಬಿಡಿಸಿ ಒತ್ತಿ ಹೇಳಬೇಡ, ಹಠ ಮಾಡಿದ ಹಾಗೆ ಕೇಳ್ಸತ್ತೆ. ‘ಐಲ್’ ಅನ್ನು ಸಾಕು.

ಮಂಗಳವಾರ ಬೆಳಿಗ್ಗೆ ನಿನ್ನ ಫ್ರೆಂಡ್ ಕೇಳಿದ್ಲು, ಏನೇ ಮುಖ ಊದಿದೆ ಅಂತ. ನೀನಿನ್ನೂ ಫೋನ್ ಮಾಡಿಲ್ಲ, ಆದ್ರೆ ತೋರಿಸೋದು ಅಂತ ರಾತ್ರಿನೇ ನಿರ್ಧಾರ ಆಗಿದೆ. ಕನ್ನಡದಲ್ಲಿ ಏನಂತೀಯ? “ಡೆಂಟಿಸ್ಟ್‌ಗೆ ತೋರಿಸಬೇಕು ಅಂತಿದ್ದೀನಿ.” ಆ ‘ಅಂತಿದ್ದೀನಿ’ ಇದ್ಯಲ್ಲ, ಅದೇ ಗೋಯಿಂಗ್ ಟು. ‘ಐಯಾಮ್ ಗೋಯಿಂಗ್ ಟು ಸೀ ಎ ಡೆಂಟಿಸ್ಟ್.’ ಮನಸ್ಸಲ್ಲಿ ಆಗಿದೆ, ಹೊರಗಡೆ ಇನ್ನೂ ಏನೂ ಆಗಿಲ್ಲ.

ಮಧ್ಯಾಹ್ನ ಫೋನ್ ಮಾಡಿದೆ, ಶನಿವಾರ 10 ಗಂಟೆಗೆ ಬನ್ನಿ ಅಂದ್ರು. ಈಗ ಅವರ ಪುಸ್ತಕದಲ್ಲಿ ನಿನ್ನ ಹೆಸರಿದೆ. ನಿನ್ನ ಹೊರತಾಗಿ ಇನ್ನೊಬ್ಬರೂ ಇದಕ್ಕೆ ಸೇರಿಕೊಂಡ್ರು ನೋಡು, ಅಲ್ಲಿಗೆ ಐಎನ್‌ಜಿ ಬಂತು: ‘ಐಯಾಮ್ ಸೀಯಿಂಗ್ ದ ಡೆಂಟಿಸ್ಟ್ ಆನ್ ಸ್ಯಾಟರ್ಡೇ ಅಟ್ ಟೆನ್.’ ಇಲ್ಲಿ ‘ಗೋಯಿಂಗ್ ಟು ಸೀ’ ಅಂದ್ರೂ ಯಾರೂ ತಪ್ಪು ಅನ್ನಲ್ಲ, ಇವೆರಡರ ನಡುವೆ ಗೋಡೆ ಏನಿಲ್ಲ. ಆದ್ರೆ ‘ಬರೋಕಾಗಲ್ಲ’ ಅಂತ ಕಾರಣ ಕೊಡುವಾಗ ಐಎನ್‌ಜಿಗೆ ಇರೋ ತೂಕ ಬೇರೆ, ಆಗಲೇ ಗೊತ್ತಾಗಿರೋ ಕೆಲಸ ಅಂತ ಅದೇ ಹೇಳಿಬಿಡತ್ತೆ. ಹಾಗಂತ ನಡೆದೇ ನಡೆಯತ್ತೆ ಅಂತ ಗ್ಯಾರಂಟಿ ಏನಲ್ಲ, ಶುಕ್ರವಾರ ಡಾಕ್ಟರೇ ಕ್ಯಾನ್ಸಲ್ ಮಾಡಬಹುದು. ಹೇಳೋ ಹೊತ್ತಿಗೆ ಏರ್ಪಾಡು ಇತ್ತು, ಅಷ್ಟೇ ಅದರ ಅರ್ಥ.

ಒಂದು ಎಚ್ಚರಿಕೆ. ಐಎನ್‌ಜಿ ಹೇಳುವಾಗ ಯಾವಾಗ ಅನ್ನೋದನ್ನ ಸೇರಿಸು, ಇಲ್ಲಾ ಅದು ಮೊದಲೇ ಮಾತಲ್ಲಿ ಬಂದಿರಬೇಕು. ಬರೀ ‘ಐಯಾಮ್ ಸೀಯಿಂಗ್ ಎ ಡೆಂಟಿಸ್ಟ್’ ಅಂದ್ರೆ ಡೆಂಟಿಸ್ಟ್ ಒಬ್ಬರ ಜೊತೆ ಓಡಾಡ್ತಿದ್ದೀಯ ಅಂತಾನೂ ಅರ್ಥ ಆಗತ್ತೆ. ನಿಮ್ಮಮ್ಮ ಈ ಗ್ರೂಪಲ್ಲೇ ಇದ್ದಾಳೆ, ನೆನಪಿರಲಿ!

ಇನ್ನು ಹೀಗಾಗತ್ತೆ, ಹಾಗಾಗತ್ತೆ ಅಂತ ಊಹಿಸಿ ಹೇಳೋದು. ಶನಿವಾರ ಡಾಕ್ಟರು ಬಾಯಿ ತೆಗೆಸಿ, ಹಲ್ಲು ಅಲ್ಲಾಡಿಸಿ ನೋಡಿ, “ಇದು ಬೀಳೋ ಹಾಗಿದೆ” ಅಂದ್ರು ಅನ್ನು. ಕಣ್ಣೆದುರಿಗೇ ಸಾಕ್ಷಿ ಇದೆ: ‘ದಿಸ್ ಟೂತ್ ಈಸ್ ಗೋಯಿಂಗ್ ಟು ಫಾಲ್ ಔಟ್.’ ಮೋಡ ನೋಡಿ ‘ಮಳೆ ಬರೋ ಹಾಗಿದೆ’ ಅಂತೀವಲ್ಲ, ಆ ‘ಹಾಗಿದೆ’ಗೂ ಗೋಯಿಂಗ್ ಟು ಸರಿಯಾಗಿ ಕೂರತ್ತೆ. ನಾನು ಮನೇಲಿ ಕೂತು, ಹಲ್ಲನ್ನ ನೋಡದೇನೇ “ಏನೂ ಆಗಲ್ಲ ಬಿಡು, ಸರಿಹೋಗ್ತೀಯ” ಅಂದ್ರೆ ಅದು ನನ್ನ ಅಭಿಪ್ರಾಯ ಅಷ್ಟೇ: ‘ಐ ಥಿಂಕ್ ಯೂಲ್ ಬಿ ಫೈನ್.’ ಥಿಂಕ್, ಪ್ರಾಬಬ್ಲಿ ಇದ್ದ ಕಡೆ ವಿಲ್ ತಾನಾಗೇ ಬರತ್ತೆ. ಇಲ್ಲೂ ಎಷ್ಟೋ ಸಲ ಎರಡೂ ನಡೆಯತ್ತೆ, ತಲೆ ಕೆಡಿಸ್ಕೋಬೇಡ. ನಡೆಯದೇ ಇರೋದು ಐಎನ್‌ಜಿ ಮಾತ್ರ. ‘ದ ಟೂತ್ ಈಸ್ ಫಾಲಿಂಗ್ ಔಟ್ ಟುಮಾರೊ’ ಅಂದ್ರೆ ಹಲ್ಲೇ ಅಪಾಯಿಂಟ್‌ಮೆಂಟ್ ತಗೊಂಡ ಹಾಗಾಯ್ತು. ‘ಇಟ್ ಈಸ್ ರೈನಿಂಗ್ ಟುಮಾರೊ’ನೂ ಅದೇ ಜಾತಿ. ಮಳೆ ಯಾರ ಜೊತೆನೂ ಮಾತಾಡಿಕೊಂಡು ಬರಲ್ಲ.

ನನಗೂ ಇದು ಏಟು ತಿಂದ ಮೇಲೇ ಬುದ್ಧಿಗೆ ಬಂದಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸೋಮವಾರಕ್ಕೆ ರಜ ಮಂಜೂರಾಗಿತ್ತು. ಮೀಟಿಂಗಲ್ಲಿ ಮೇಲಿನವರಿಗೆ ಅದನ್ನ ನೆನಪಿಸೋಣ ಅಂತ ‘ಐ ವಿಲ್ ಟೇಕ್ ಲೀವ್ ಆನ್ ಮಂಡೇ’ ಅಂದೆ. “ಅದನ್ನ ಈಗ ನಿರ್ಧಾರ ಮಾಡಿದ್ರಾ?” ಅಂತ ಎಲ್ಲರ ಮುಂದೆ ಕೇಳಿದ್ರು. ‘ಐಯಾಮ್ ಟೇಕಿಂಗ್’ ಅಂದಿದ್ರೆ ಆಗಲೇ ಒಪ್ಪಿದ್ದು ಅಂತ ಗೊತ್ತಾಗಿರೋದು. ಇವತ್ತಿಗೂ ನೆನೆಸಿಕೊಂಡ್ರೆ ಕಿವಿ ಬಿಸಿಯಾಗತ್ತೆ.

ಪ್ರಶ್ನೆ ಕೇಳುವಾಗಲೂ ಅಷ್ಟೇ ಕಣೇ. ‘ವಿಲ್ ಯೂ ಕಮ್ ಆನ್ ಸ್ಯಾಟರ್ಡೇ?’ ಅಂದ್ರೆ ಹೆಚ್ಚು ಕಡಿಮೆ “ಬರ್ತೀಯಾ ಪ್ಲೀಸ್” ಅಂತ ಕರೆದ ಹಾಗೆ. ‘ಆರ್ ಯೂ ಕಮಿಂಗ್?’ ಅಂದ್ರೆ ಬರೋದು ಗೊತ್ತಾಗಿದ್ಯಾ ಅಂತ ವಿಚಾರಿಸಿದ ಹಾಗೆ. ಯಾರಾದ್ರೂ ಬಿಡುವಾಗಿದ್ದಾರಾ ಅಂತ ತಿಳ್ಕೊಳ್ಳೋಕೆ ‘ವಾಟ್ ವಿಲ್ ಯೂ ಡು’ ಅನ್ನಬೇಡ, ಏನೋ ಕಷ್ಟ ಬಂದಿರೋವಾಗ “ಇನ್ನೇನು ಮಾಡ್ತೀಯಾ” ಅಂದ ಹಾಗಿರತ್ತೆ. ‘ವಾಟ್ ಆರ್ ಯೂ ಡೂಯಿಂಗ್ ಆನ್ ಸ್ಯಾಟರ್ಡೇ?’ ಅನ್ನು.

ಹಾಂ, ಮರೆತಿದ್ದೆ. ನೀನು ಮೊನ್ನೆ ವಾಯ್ಸ್ ಮೆಸೇಜಲ್ಲಿ ‘ಐಯಾಮ್ ಗೊನ್ನ ದ ಲೈಬ್ರರಿ’ ಅಂದ್ಯಲ್ಲ, ಆ ಗೊನ್ನ ಅಲ್ಲಿ ಆಗಲ್ಲ. ಗೊನ್ನ ಆದ್ಮೇಲೆ ಒಂದು ಕ್ರಿಯಾಪದ ಬೇಕು: ಗೊನ್ನ ಸೀ, ಗೊನ್ನ ಕಾಲ್. ಜಾಗದ ಹೆಸರು ಬಂದ್ರೆ ಪೂರ್ತಿಯಾಗಿ ‘ಗೋಯಿಂಗ್ ಟು ದ ಲೈಬ್ರರಿ’ ಅಂತ್ಲೇ ಹೇಳಬೇಕು.

ಆ ವಾಕ್ಯ ಹೀಗೆ ತಿದ್ದಿ ಕಳಿಸು: ‘ಸಾರಿ, ಐ ಕಾಂಟ್ ಕಮ್. ಐಯಾಮ್ ಸೀಯಿಂಗ್ ದ ಡೆಂಟಿಸ್ಟ್ ಅಟ್ ಟೆನ್. ಐಲ್ ಕಾಲ್ ಯೂ ಇನ್ ದಿ ಈವ್ನಿಂಗ್.’ ಡೆಂಟಿಸ್ಟ್ ಹತ್ರ ಹೋಗೋದು ಆಗಲೇ ಗೊತ್ತಾಗಿರೋ ಕೆಲಸ, ಸಂಜೆ ಫೋನ್ ಮಾಡೋದು ಈಗ ಕೊಡ್ತಿರೋ ಮಾತು, ಅದಕ್ಕೇ ಅಲ್ಲಿ ವಿಲ್ ಇದ್ರೆ ಚೆಂದ.

ಇರು, ಯಾರೋ ಬಾಗಿಲು ಬಡೀತಿದ್ದಾರೆ. ಬಂದೇ, ಬಂದೇ! ನೋಡು, ಇನ್ನೂ ಕುರ್ಚಿ ಬಿಟ್ಟು ಎದ್ದಿಲ್ಲ, ಆಗಲೇ ‘ಬಂದೆ’ ಅಂದಾಯ್ತು. ಇದನ್ನ ಮಾತ್ರ ‘ಐ ಕೇಮ್’ ಅಂತ ಇಂಗ್ಲಿಷ್ ಮಾಡಿಬಿಡಬೇಡ ಪುಟ್ಟಿ, ‘ಕಮಿಂಗ್’ ಅನ್ನು. ಇಡ್ತೀನಿ.